ದೇವಸ್ಥಾನದ ಆಸ್ತಿ ಹಾಳಾಗ್ತಾ ಇದ್ದರೆ ಮುಜರಾಯಿಗೆ ದೂರು ಬರೆಯುವುದು ಹೇಗೆ: ಗಟ್ಟಿಯಾಗಿ, ಆದರೆ ಯಾರನ್ನೂ ದೂರದೆ

ನಮ್ಮೂರ ದೇವಸ್ಥಾನದ ಎದುರಿಗೆ ಒಂದು ಹಳೇ ಛತ್ರ ಇದೆ. ಜಾತ್ರೆಗೆ ಬಂದವರು ಉಳಿದುಕೊಳ್ಳಲಿ ಅಂತ ಯಾರೋ ಪುಣ್ಯಾತ್ಮರು ಕಟ್ಟಿಸಿದ್ದು. ಆರು ಕೋಣೆ, ನಡುವೆ ತೊಟ್ಟಿ, ಮರದ ತೊಲೆಗಳ ಮೇಲೆ ಗಾರೆ ತಾರಸಿ. ನಮ್ಮಜ್ಜಿಯ ಮದುವೆ ಆಗಿದ್ದು ಅದೇ ತೊಟ್ಟಿಯಲ್ಲಿ. ಈಗ ಹಿಂದಿನ ಗೋಡೆಯಲ್ಲಿ ಅರಳಿ ಸಸಿ ಬೇರು ಬಿಟ್ಟಿದೆ. ಒಂದು ಕೋಣೆಯ ತಾರಸಿ ಅರ್ಧ ಕುಸಿದಿದೆ. ಸಂಜೆ ಹೊತ್ತು ಮಕ್ಕಳು ಅದರ ಕೆಳಗೇ ಚೆಂಡು ಹುಡುಕುತ್ತಾ ಓಡಾಡುತ್ತವೆ.

ಇದನ್ನು ನೋಡಿ ಸಿಟ್ಟಿನಲ್ಲಿ ನಾನೊಂದು ದೂರು ಬರೆದೆ. 'ಸಮಿತಿಯವರು ಛತ್ರದ ದುಡ್ಡು ತಿಂದು ಕೂತಿದ್ದಾರೆ, ಇವರ ಮೇಲೆ ಕಠಿಣ ಕ್ರಮ ಜರುಗಿಸಬೇಕು' ಅಂತ. ಆ ದೂರು 'ವಿವರಣೆ ನೀಡಿ' ಅಂತ ಸಮಿತಿಗೇ ಹೋಯಿತು. ಅವರು ಎರಡು ಪುಟ ಉತ್ತರ ಬರೆದರು. ಅದರಲ್ಲಿ ತಾವು ಮಾಡಿದ ಸೇವೆಯ ವಿವರ ಇತ್ತು, ನನಗೆ ಅವರ ಮೇಲೆ ಹಳೇ ದ್ವೇಷ ಅನ್ನುವ ಮಾತೂ ಇತ್ತು. ಛತ್ರದ ಬಗ್ಗೆ ಒಂದು ಸಾಲೂ ಇರಲಿಲ್ಲ. 'ಆರೋಪಕ್ಕೆ ಪುರಾವೆ ಇಲ್ಲ' ಅಂತ ಕಡತ ಮುಗಿಯಿತು. ಯಾರೂ ಬಂದು ತಾರಸಿ ನೋಡಲಿಲ್ಲ.

ಆಗ ಕಚೇರಿಯ ಕೇಸ್ ವರ್ಕರ್ ಒಬ್ಬರು ಹೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ. 'ನೋಡಿ ಮೇಡಂ, ನೀವು ಮನುಷ್ಯರ ಮೇಲೆ ಬರೆದಿರಿ, ನಾವು ಮನುಷ್ಯರನ್ನ ಕೇಳಿದ್ವಿ. ಕಟ್ಟಡದ ಮೇಲೆ ಬರೆದಿದ್ರೆ ಕಟ್ಟಡ ನೋಡೋಕೆ ಯಾರನ್ನಾದ್ರೂ ಕಳಿಸಲೇಬೇಕಿತ್ತು.' ಎರಡನೇ ಸಲ ನಾನು ಹಾಗೇ ಬರೆದೆ. ಹೇಗೆ ಅನ್ನೋದನ್ನ ಕ್ರಮವಾಗಿ ಹೇಳ್ತೀನಿ.

ಮೊದಲು ಆಸ್ತಿ ಯಾರ ಸುಪರ್ದಿಯಲ್ಲಿದೆ ಅಂತ ಖಚಿತ ಮಾಡಿಕೊಳ್ಳಿ

ಊರಲ್ಲಿ ಎಲ್ಲರೂ 'ಅದು ಮುಜರಾಯಿದು' ಅಂತಾರೆ. ಅದು ಸಾಲದು. ಕರ್ನಾಟಕದಲ್ಲಿ 1997ರ ಹಿಂದೂ ಧಾರ್ಮಿಕ ಸಂಸ್ಥೆಗಳು ಮತ್ತು ಧರ್ಮಾದಾಯ ದತ್ತಿಗಳ ಅಧಿನಿಯಮದ ಕೆಳಗೆ ಅಧಿಸೂಚನೆ ಆದ ದೇವಸ್ಥಾನಗಳು ಮಾತ್ರ ಈ ಇಲಾಖೆಗೆ ಬರುತ್ತವೆ. ಮಠಗಳಿಗೂ ಮಠಕ್ಕೆ ಸೇರಿದ ದೇವಸ್ಥಾನಗಳಿಗೂ ಈ ಕಾಯ್ದೆ ಅನ್ವಯಿಸುವುದಿಲ್ಲ. ವಕ್ಫ್ ಆಸ್ತಿ ಆದರೆ ದೂರು ವಕ್ಫ್ ಮಂಡಳಿಯ ಜಿಲ್ಲಾ ಕಚೇರಿಗೆ ಹೋಗಬೇಕು. ಬರೆಯುವ ರೀತಿ ಮಾತ್ರ ಎಲ್ಲ ಕಡೆಗೂ ಒಂದೇ.

ತಾಲ್ಲೂಕು ಕಚೇರಿಯಲ್ಲಿ ಮುಜರಾಯಿ ಶಾಖೆ ಇರುತ್ತದೆ. ಅಲ್ಲಿ ಹೋಗಿ ದೇವಸ್ಥಾನದ ಹೆಸರು ಹೇಳಿ, ಪಟ್ಟಿಯಲ್ಲಿ ಇದೆಯಾ, ಯಾವ ವರ್ಗ ಅಂತ ಕೇಳಿ. ವರ್ಷದ ಆದಾಯ 25 ಲಕ್ಷ ದಾಟಿದರೆ ಎ, 5ರಿಂದ 25 ಲಕ್ಷದ ಒಳಗಿದ್ದರೆ ಬಿ, 5 ಲಕ್ಷಕ್ಕಿಂತ ಕಡಿಮೆ ಇದ್ದರೆ ಸಿ. ನಮ್ಮ ಹಳ್ಳಿಗಳ ದೇವಸ್ಥಾನಗಳು ಬಹುಪಾಲು ಸಿ. ಇದು ಯಾಕೆ ಮುಖ್ಯ ಅಂದರೆ, ದೊಡ್ಡ ದೇವಸ್ಥಾನಕ್ಕೆ ತನ್ನದೇ ಕಾರ್ಯನಿರ್ವಹಣಾಧಿಕಾರಿ ಇರುತ್ತಾರೆ, ದೂರು ಅವರ ಹೆಸರಿಗೆ ಹೋಗಬೇಕು. ಸಿ ವರ್ಗದಲ್ಲಿ ಸಾಮಾನ್ಯವಾಗಿ ತಹಶೀಲ್ದಾರರ ಕಚೇರಿಯೇ ನೋಡಿಕೊಳ್ಳುತ್ತದೆ. ತಪ್ಪು ಮೇಜಿಗೆ ಹೋದ ದೂರು ಸರಿಯಾದ ಮೇಜಿಗೆ ಬರೋಷ್ಟರಲ್ಲಿ ಒಂದು ಮಳೆಗಾಲ ಕಳೆದಿರುತ್ತದೆ.

ಆಮೇಲೆ ಆಸ್ತಿಯ ದಾಖಲೆ. ಗದ್ದೆ, ತೋಟ ಆದರೆ ಪಹಣಿ ತೆಗೆಸಿ, 9ನೇ ಕಾಲಂನಲ್ಲಿ ಯಾರ ಹೆಸರಿದೆ ನೋಡಿ. ಆದರೆ ಛತ್ರ, ಅಂಗಡಿ ಮಳಿಗೆ, ಅರ್ಚಕರ ಮನೆ ಇಂಥವು ಸಾಮಾನ್ಯವಾಗಿ ಗ್ರಾಮಠಾಣಾ ಒಳಗೆ ಇರುತ್ತವೆ, ಅವಕ್ಕೆ ಪಹಣಿ ಇರುವುದಿಲ್ಲ. ನಾನು ಒಂದು ವಾರ ಪಹಣಿ ಹುಡುಕಿ ಆಮೇಲೆ ಇದು ತಿಳಿದುಕೊಂಡೆ. ಅಂಥ ಕಡೆ ಗ್ರಾಮ ಪಂಚಾಯ್ತಿಯ ಖಾತೆ, ಅಂದರೆ ಇ-ಸ್ವತ್ತಿನ ನಮೂನೆ, ಪಟ್ಟಣ ಆದರೆ ಪುರಸಭೆಯ ಖಾತೆ ಕೇಳಬೇಕು. ಅದರಲ್ಲಿ ದೇವಸ್ಥಾನದ ಹೆಸರು ಇಲ್ಲದಿದ್ದರೂ ಗಾಬರಿ ಬೇಡ. ಮುಜರಾಯಿ ಶಾಖೆಯಲ್ಲಿ ದೇವಸ್ಥಾನದ ಆಸ್ತಿ ರಿಜಿಸ್ಟರ್ ಇರಬೇಕು, ಆ ಪುಟದ ನಕಲು ಸಿಕ್ಕಿದರೆ ಅದೇ ನಿಮ್ಮ ದೂರಿನ ಬುನಾದಿ.

ಇನ್ನೊಂದು. ಕಟ್ಟಡದ ಹತ್ತಿರ ಪುರಾತತ್ವ ಇಲಾಖೆಯ ಫಲಕ ಇದೆಯಾ ನೋಡಿ. ಸಂರಕ್ಷಿತ ಸ್ಮಾರಕ ಆಗಿದ್ದರೆ ಮುಜರಾಯಿಯವರು ತಾವೇ ಕೈ ಹಾಕುವಂತಿಲ್ಲ. ಕೇಂದ್ರದ ಸ್ಮಾರಕ ಆದರೆ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅಲ್ಲಿ ದುರಸ್ತಿಗೂ ಅನುಮತಿ ಬೇಕು. ಆಗ ದೂರಿನ ಪ್ರತಿ ಆ ಇಲಾಖೆಗೂ ಹೋಗಬೇಕು.

ಕಂಡದ್ದು, ದಾಖಲೆಯಲ್ಲಿ ಇದ್ದದ್ದು, ಕೇಳಿದ್ದು

ಒಂದು ನೋಟ್‌ಬುಕ್ ತಗೊಳ್ಳಿ. ಪುಟವನ್ನು ಮೂರು ಭಾಗ ಮಾಡಿ. ಮೊದಲನೆಯದರಲ್ಲಿ ನಿಮ್ಮ ಕಣ್ಣಿಗೆ ಕಂಡದ್ದು, ಎರಡನೆಯದರಲ್ಲಿ ಕಾಗದದಲ್ಲಿ ಇರೋದು, ಮೂರನೆಯದರಲ್ಲಿ ಜನ ಹೇಳಿದ್ದು. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಜಾಸ್ತಿ ಪ್ರಯೋಜನಕ್ಕೆ ಬರೋದು ಇದೇ. ಮೊದಲ ಎರಡು ಭಾಗ ದೂರಿಗೆ ಹೋಗುತ್ತವೆ. ಮೂರನೆಯದು ಹೋಗುವುದಿಲ್ಲ.

ಕಂಡದ್ದನ್ನು ಬರೆಯುವಾಗ ಅಳತೆ ಇರಲಿ. 'ಛತ್ರ ಶಿಥಿಲವಾಗಿದೆ' ಅಂತ ಬರೆದರೆ ಓದುವವರಿಗೆ ಏನೂ ಕಾಣುವುದಿಲ್ಲ. ನಾನು ಪಕ್ಕದ ಮನೆಯ ಗಾರೆ ಕೆಲಸದ ಅಣ್ಣನ್ನ ಕರಕೊಂಡು ಹೋದೆ. ಎರಡನೇ ಕೋಣೆಯ ತೊಲೆಯ ಈ ತುದಿಯಿಂದ ಆ ತುದಿಗೆ ಅವರು ದಾರ ಬಿಗಿದು ಕಟ್ಟಿದರು. ನಡುವೆ ದಾರಕ್ಕಿಂತ ತೊಲೆ ಮೂರು ಇಂಚು ಕೆಳಗೆ ಬಾಗಿತ್ತು. ಗೋಡೆಗೆ ಕೂತ ಜಾಗದಲ್ಲಿ ಉಳಿಯಿಂದ ಮೆಲ್ಲಗೆ ತಟ್ಟಿದರು, ಟೊಳ್ಳು ಸದ್ದು ಬಂತು, ಗೆದ್ದಲು ಹಿಡಿದ ಪುಡಿ ಉದುರಿತು. ಅದರ ಫೋಟೋ ಇದೆ, ದಿನಾಂಕ ಇದೆ. ಗೋಡೆಯ ಬಿರುಕಿನ ಮೇಲೆ ಅಡ್ಡಡ್ಡ ಒಂದು ಕಾಗದದ ಪಟ್ಟಿ ಅಂಟಿಸಿ ತಾರೀಕು ಬರೆದು ಬಂದೆವು. ಎರಡು ತಿಂಗಳಾದ ಮೇಲೆ ಹೋದರೆ ಪಟ್ಟಿ ಬಿರುಕಿನ ಉದ್ದಕ್ಕೇ ಸೀಳಿತ್ತು. ಅಂದರೆ ಬಿರುಕು ಹಳೇದಾಗಿ ನಿಂತಿದ್ದಲ್ಲ, ಇನ್ನೂ ಅಗಲ ಆಗ್ತಾ ಇದೆ ಅಂತ. ಕುಸಿದ ಕೋಣೆಯ ಒಳಗೆ ಮಾತ್ರ ಕಾಲಿಡಬೇಡಿ, ಬಾಗಿಲಿನಿಂದಲೇ ಫೋಟೋ ತೆಗೆಯಿರಿ.

ಒಂದೇ ಜಾಗದಲ್ಲಿ ನಿಂತು ಮಳೆಗೆ ಮುಂಚೆ ಒಂದು, ಮಳೆ ಆದ ಮೇಲೆ ಒಂದು ಫೋಟೋ ತೆಗೆದರೆ ಅದಕ್ಕಿಂತ ಒಳ್ಳೇ ಸಾಕ್ಷಿ ಇಲ್ಲ. ಫೋಟೋದಲ್ಲಿ ಮನುಷ್ಯರ ಮುಖ ಬಾರದ ಹಾಗೆ ನೋಡಿಕೊಳ್ಳಿ. ಯಾರೋ ಛತ್ರದ ಜಗಲಿ ಮೇಲೆ ಕೂತಿದ್ದು ಫೋಟೋದಲ್ಲಿ ಬಂದರೆ, ಅವರನ್ನೇ ದೂರಿದ ಹಾಗೆ ಆಗಿಬಿಡುತ್ತದೆ.

ಕೇಳಿದ್ದನ್ನು ಆರ್‌ಟಿಐ ಪ್ರಶ್ನೆ ಮಾಡಿಕೊಳ್ಳಿ

ನನ್ನ ಮೂರನೇ ಭಾಗದಲ್ಲಿ ಎರಡು ಮಾತು ಇದ್ದವು. ಒಂದು, 'ಛತ್ರದ ರಿಪೇರಿಗೆ ದುಡ್ಡು ಬಂದಿತ್ತು, ಎಲ್ಲಿ ಹೋಯ್ತೋ.' ಇನ್ನೊಂದು, 'ಮೂರು ಮತ್ತು ನಾಲ್ಕನೇ ಕೋಣೆಯಲ್ಲಿ ಮೂಟೆ ಇಟ್ಟಿರೋರು ಸಮಿತಿಯವರಿಗೆ ಬೇಕಾದವರು.' ಇವೆರಡೂ ನಿಜ ಇರಬಹುದು, ಸುಳ್ಳೂ ಇರಬಹುದು. ದೂರಿನಲ್ಲಿ ಬರೆದರೆ ರುಜುವಾತು ಮಾಡುವ ಹೊರೆ ನನ್ನ ಮೇಲೆ. ಪ್ರಶ್ನೆಯಾಗಿ ಕೇಳಿದರೆ ಉತ್ತರ ಕೊಡುವ ಹೊರೆ ಕಚೇರಿಯ ಮೇಲೆ.

ಕರ್ನಾಟಕದಲ್ಲಿ ಆರ್‌ಟಿಐ ಅರ್ಜಿ ನಮೂನೆ 'ಎ'ಯಲ್ಲಿ ಕೊಡಬೇಕು. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದ ಒಳಗೆ. ಈ ಮಿತಿ ದಾಟಿದ ಅರ್ಜಿ ವಾಪಸ್ ಬರುವುದು ಮಾಮೂಲು. ಉತ್ತರಕ್ಕೆ 30 ದಿನ. 'ಯಾಕೆ ರಿಪೇರಿ ಮಾಡಿಲ್ಲ' ಅಂತ ಕೇಳಬೇಡಿ. ಯಾಕೆ ಅನ್ನುವುದಕ್ಕೆ ಅವರು ಉತ್ತರ ಕೊಡಬೇಕಿಲ್ಲ, ಕಡತದಲ್ಲಿ ಇರುವ ಕಾಗದ ಮಾತ್ರ ಕೊಡಬೇಕು. ಆದ್ದರಿಂದ ನಕಲು ಕೇಳಿ. ನಾನು ಕೇಳಿದ್ದು ಮೂರೇ: ಆಸ್ತಿ ರಿಜಿಸ್ಟರ್‌ನಲ್ಲಿ ಛತ್ರ ಇರುವ ಪುಟ, ಕಳೆದ 10 ವರ್ಷದಲ್ಲಿ ಛತ್ರದ ದುರಸ್ತಿಗೆ ಆದ ಅಂದಾಜು ಪಟ್ಟಿ ಮತ್ತು ಮಂಜೂರಾತಿ ಆದೇಶಗಳು, ಕೋಣೆಗಳನ್ನು ಬಾಡಿಗೆಗೆ ಕೊಟ್ಟ ಆದೇಶ ಮತ್ತು ಬಾಡಿಗೆ ಜಮಾ ಆದ ರಸೀದಿಗಳು.

ಬಂದ ಉತ್ತರ ನನ್ನ ಕಣ್ಣು ತೆರೆಸಿತು. ಆರು ವರ್ಷದ ಹಿಂದೆ ಇಂಜಿನಿಯರ್ ಒಂದು ಅಂದಾಜು ಪಟ್ಟಿ ಮಾಡಿದ್ದರು. ಅದಕ್ಕೆ ಮಂಜೂರಾತಿ ಆಗಿದ್ದ ದಾಖಲೆಯೇ ಇಲ್ಲ. ಅಂದರೆ ದುಡ್ಡು ಬಂದೇ ಇರಲಿಲ್ಲ! ಮೊದಲ ದೂರಿನಲ್ಲಿ ನಾನು ಸಮಿತಿಯವರ ಮೇಲೆ ಹಾಕಿದ್ದ ಮಾತು ತಪ್ಪು. ನಾನು ಅಧ್ಯಕ್ಷರ ಮನೆಗೆ ಹೋಗಿ ಹೇಳಿ ಬಂದೆ. ಕೋಣೆಗಳ ಬಾಡಿಗೆ ಬಗ್ಗೆ 'ದಾಖಲೆ ಲಭ್ಯವಿಲ್ಲ' ಅಂತ ಉತ್ತರ ಇತ್ತು. ಈ ಸಾಲು ತುಂಬಾ ಬೆಲೆ ಇರೋದು, ಯಾಕಂದರೆ ಇದನ್ನು ನಾನು ಹೇಳ್ತಾ ಇಲ್ಲ, ಕಚೇರಿಯೇ ಬರೆದು ಕೊಟ್ಟಿದೆ.

ಈಗ ದೂರು

ಒಂದೂವರೆ ಪುಟ ಸಾಕು. ಕ್ರಮ ಹೀಗೆ: ಯಾವ ಆಸ್ತಿ, ಈಗ ಅದರ ಸ್ಥಿತಿ ಏನು, ಕಡತ ಏನು ಹೇಳುತ್ತದೆ, ನಮಗೆ ಏನು ಆಗಬೇಕು. 'ಪವಿತ್ರವಾದ ಪುಣ್ಯಕ್ಷೇತ್ರವಾದ' ಅಂತ ಪೀಠಿಕೆ ಬೇಡ. ನನ್ನ ಎರಡನೇ ದೂರಿನ ಮುಖ್ಯ ಭಾಗ ಇಲ್ಲಿದೆ, ಊರು ಮತ್ತು ತಾರೀಕು ಮಾತ್ರ ಬಿಟ್ಟಿದ್ದೇನೆ.

> ವಿಷಯ: … ಗ್ರಾಮದ … ದೇವಸ್ಥಾನಕ್ಕೆ ಸೇರಿದ ಛತ್ರದ ಸ್ಥಳ ಪರಿಶೀಲನೆ, ತುರ್ತು ಸುರಕ್ಷತಾ ಕ್ರಮ ಮತ್ತು ದುರಸ್ತಿ ಕೋರಿ.
>
> ಉಲ್ಲೇಖ: ಮಾಹಿತಿ ಹಕ್ಕು ಅರ್ಜಿಗೆ ತಮ್ಮ ಕಚೇರಿಯ ಉತ್ತರ, ಸಂಖ್ಯೆ …, ದಿನಾಂಕ …
>
> ಮಾನ್ಯರೇ,
>
> ಮೇಲ್ಕಂಡ ದೇವಸ್ಥಾನದ ಆಸ್ತಿ ರಿಜಿಸ್ಟರ್‌ನಲ್ಲಿ ಆರು ಕೋಣೆಗಳ ಛತ್ರ ನಮೂದಾಗಿದೆ (ಲಗತ್ತು 1). ನಾವು ಈ ಛತ್ರವನ್ನು ದಿನಾಂಕ … ಮತ್ತು … ರಂದು ನೋಡಿದೆವು. ಒಂದನೇ ಕೋಣೆಯ ತಾರಸಿಯ ಸುಮಾರು ಅರ್ಧ ಭಾಗ ಕುಸಿದಿದೆ. ಎರಡನೇ ಕೋಣೆಯ ತೊಲೆ ನಡುವೆ ಮೂರು ಇಂಚು ಬಾಗಿದ್ದು, ಗೋಡೆಗೆ ಕೂರುವ ತುದಿಗೆ ಗೆದ್ದಲು ಹಿಡಿದಿದೆ. ಹಿಂದಿನ ಗೋಡೆಯಲ್ಲಿ ಅರಳಿ ಗಿಡ ಬೆಳೆದಿದ್ದು, ಅದರ ಪಕ್ಕದ ಬಿರುಕು ಈ ಎರಡು ತಿಂಗಳಲ್ಲಿ ಅಗಲವಾಗಿದೆ (ಲಗತ್ತು 2, ಫೋಟೋಗಳು). ಛತ್ರಕ್ಕೆ ಬಾಗಿಲು ಇಲ್ಲದಿರುವುದರಿಂದ ಮಕ್ಕಳು ಒಳಗೆ ಹೋಗಿ ಬರುತ್ತಿದ್ದಾರೆ.
>
> ದುರಸ್ತಿಗೆ ಅಂದಾಜು ಪಟ್ಟಿ ತಯಾರಾಗಿದೆ, ಅದರ ಮೇಲೆ ಮಂಜೂರಾತಿಯ ದಾಖಲೆ ಇಲ್ಲ ಎಂದು ಉಲ್ಲೇಖಿತ ಉತ್ತರದಿಂದ ತಿಳಿದುಬರುತ್ತದೆ. ಮೂರು ಮತ್ತು ನಾಲ್ಕನೇ ಕೋಣೆಗಳಿಗೆ ಬೀಗ ಇದ್ದು, ಕಿಟಕಿಯಿಂದ ಮೂಟೆಗಳು ಕಾಣುತ್ತವೆ. ಈ ಕೋಣೆಗಳ ಬಾಡಿಗೆ ದಾಖಲೆ ಲಭ್ಯವಿಲ್ಲ ಎಂದು ಅದೇ ಉತ್ತರದಲ್ಲಿದೆ.
>
> ಆದ್ದರಿಂದ, ಕುಸಿದ ಭಾಗಕ್ಕೆ ಜನ ಹೋಗದಂತೆ ಏಳು ದಿನದೊಳಗೆ ತಡೆ ಮತ್ತು ಎಚ್ಚರಿಕೆ ಫಲಕ ಹಾಕಿಸಬೇಕು. ಇಂಜಿನಿಯರ್ ಜೊತೆ ಸ್ಥಳ ಪರಿಶೀಲನೆಯ ದಿನಾಂಕವನ್ನು ನಮಗೆ ಮುಂಚಿತವಾಗಿ ತಿಳಿಸಬೇಕು. ಹೊಸ ಅಂದಾಜು ಪಟ್ಟಿ ಮಾಡಿಸಿ ಮಂಜೂರಾತಿಗೆ ಕಳಿಸಬೇಕು. ಮೂರು ಮತ್ತು ನಾಲ್ಕನೇ ಕೋಣೆಗಳ ಬಳಕೆ ಯಾವ ಆದೇಶದ ಮೇಲೆ ಎಂದು ಪರಿಶೀಲಿಸಬೇಕು. ಕೈಗೊಂಡ ಕ್ರಮವನ್ನು 30 ದಿನದೊಳಗೆ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.

ಗಮನಿಸಿ, ಇದರಲ್ಲಿ ಸಮಿತಿ ಅನ್ನುವ ಪದವೇ ಇಲ್ಲ. ಮೂಟೆ ಯಾರದು ಅಂತಲೂ ಇಲ್ಲ. ಆದರೂ ಓದಿದವರು ಸುಮ್ನೆ ಪಕ್ಕಕ್ಕಿಡೋಕೆ ಆಗಲ್ಲ, ಯಾಕಂದರೆ ಪ್ರತಿ ಸಾಲಿಗೂ ಅಲ್ಲಿಗೇ ಹೋಗಿ ಹೌದು ಅಥವಾ ಅಲ್ಲ ಅಂತ ಹೇಳಬಹುದು. ಗಟ್ಟಿತನ ಇರಬೇಕಾದ್ದು 'ಬೇಕು' ಅನ್ನುವ ಕಡೆ, ದಿನ ಗೊತ್ತು ಮಾಡುವ ಕಡೆ. ಬೈಗುಳದ ಕಡೆ ಅಲ್ಲ.

ಕೆಲವು ಪದಗಳು ಗೊತ್ತಿಲ್ಲದ ಹಾಗೆ ಆರೋಪ ಆಗಿಬಿಡುತ್ತವೆ. 'ನಿರ್ಲಕ್ಷ್ಯ' ಅಂದ ಕೂಡಲೇ ಯಾರ ನಿರ್ಲಕ್ಷ್ಯ ಅನ್ನುವ ಪ್ರಶ್ನೆ ಬರುತ್ತದೆ, 'ದುರಸ್ತಿ ಆಗಿಲ್ಲ' ಅಂದರೆ ಸಾಕು. 'ಒತ್ತುವರಿ' ಕೂಡ ಹಾಗೇ. ಗಡಿ ಅಳತೆ ಆಗುವ ತನಕ ಅದು ಒತ್ತುವರಿ ಅಂತ ನಿಮಗೂ ಗೊತ್ತಿಲ್ಲ. 'ಛತ್ರದ ಪೂರ್ವದ ಗೋಡೆಗೆ ಅಂಟಿಕೊಂಡು ಶೀಟಿನ ಶೆಡ್ ಇದೆ, ಸರ್ವೆಯರ್ ಮೂಲಕ ಅಳತೆ ಮಾಡಿಸಿ ಗಡಿ ಗುರುತಿಸಬೇಕು' ಅಂತ ಬರೆಯಿರಿ. ಹೆಸರು ಬಿಟ್ಟ ಮಾತ್ರಕ್ಕೆ ಆರೋಪ ಹೋಗುವುದಿಲ್ಲ ಅನ್ನೋದೂ ನೆನಪಿರಲಿ. 'ಹಣ ದುರುಪಯೋಗ ಮಾಡಲಾಗಿದೆ' ಅನ್ನುವ ವಾಕ್ಯದಲ್ಲಿ ಯಾರ ಹೆಸರೂ ಇಲ್ಲ, ಆದರೆ ಊರಲ್ಲಿ ಓದಿದವರಿಗೆಲ್ಲ ಯಾರು ಅಂತ ಗೊತ್ತಾಗುತ್ತದೆ. 'ಪ್ರಭಾವಿ ವ್ಯಕ್ತಿಯೊಬ್ಬರು' ಅನ್ನುವುದು ಇನ್ನೂ ಕೆಟ್ಟದ್ದು. ಕೊನೆಯಲ್ಲಿ ಅಭ್ಯಾಸಬಲದಿಂದ ಬರುವ 'ತಪ್ಪಿತಸ್ಥರ ಮೇಲೆ ಕಠಿಣ ಕ್ರಮ' ಅನ್ನುವ ಸಾಲನ್ನು ಹೊಡೆದು ಹಾಕಿ. ಆ ಒಂದು ಸಾಲು ಇದ್ದರೆ ಇಡೀ ದೂರು ಮತ್ತೆ ಮನುಷ್ಯರ ಕಡೆ ತಿರುಗುತ್ತದೆ.

ಸಹಿ ಹಾಕುವವರು ಛತ್ರವನ್ನು ಸ್ವತಃ ನೋಡಿರಬೇಕು. ನಾವು ಏಳು ಜನ ಇದ್ದೆವು. ಊರೆಲ್ಲ ಸುತ್ತಿ ನೂರು ಸಹಿ ಮಾಡಿಸಿದರೆ, ಪರಿಶೀಲನೆಗೆ ಬಂದವರು ಯಾರನ್ನೋ ಕೇಳಿದಾಗ 'ಏನೋ ಸಹಿ ಹಾಕು ಅಂದ್ರು, ಹಾಕಿದೆ' ಅಂದುಬಿಡುತ್ತಾರೆ.

ಕೊಡುವುದು, ಬೆನ್ನು ಹತ್ತುವುದು

ಎರಡು ಪ್ರತಿ ತಗೊಂಡು ಹೋಗಿ. ಒಂದನ್ನು ಟಪಾಲು ಶಾಖೆಯಲ್ಲಿ ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಕು, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಿ. 'ಸಾಹೇಬರ ಕೈಗೇ ಕೊಡಿ' ಅಂದರೆ ಕೊಡಿ, ಆದರೆ ಸೀಲು ಬಿದ್ದ ಮೇಲೆ. ಕೈಗೆ ಕೊಟ್ಟ ಕಾಗದಕ್ಕೆ ನಂಬರ್ ಇಲ್ಲ ಅಂದರೆ ಅದು ಕಚೇರಿಗೆ ಬಂದೇ ಇಲ್ಲದ ಹಾಗೆ. ಹೋಗಲು ಆಗದವರು ಅಂಚೆಯಲ್ಲಿ ಕಳಿಸಿ ತಲುಪಿದ ದಾಖಲೆ ಇಟ್ಟುಕೊಳ್ಳಿ. ಕೊನೆಯಲ್ಲಿ 'ಪ್ರತಿ, ಮಾಹಿತಿಗಾಗಿ' ಅಂತ ಬರೆದು ಜಿಲ್ಲಾಧಿಕಾರಿಗಳ ಕಚೇರಿಯ ಮುಜರಾಯಿ ಶಾಖೆಗೂ ವ್ಯವಸ್ಥಾಪನಾ ಸಮಿತಿಯ ಅಧ್ಯಕ್ಷರಿಗೂ ಒಂದೊಂದು ಕೊಡಿ. ಸಮಿತಿಗೆ ನೀವೇ ಕೊಟ್ಟರೆ ಬೆನ್ನ ಹಿಂದೆ ದೂರಿದರು ಅನ್ನುವ ಮಾತಿಗೆ ಜಾಗ ಇರುವುದಿಲ್ಲ. ನಮ್ಮ ಅಧ್ಯಕ್ಷರು ಓದಿ, 'ಇದನ್ನ ನಾವೇ ಬರೀಬೇಕಾಗಿತ್ತು ಕಣಮ್ಮಾ' ಅಂದರು. ಸಮಿತಿಯಿಂದಲೂ ಒಂದು ಪತ್ರ ಹೋಯಿತು.

15 ದಿನ ಆದ ಮೇಲೆ ಸ್ವೀಕೃತಿ ಸಂಖ್ಯೆ ಹಾಕಿ ಒಂದು ನೆನಪೋಲೆ ಕೊಡಿ. ನಾಲ್ಕು ಸಾಲು ಸಾಕು, ಹೊಸ ವಿಷಯ ಸೇರಿಸಬೇಡಿ. ಜೊತೆಗೆ 1902ಕ್ಕೆ ಫೋನ್ ಮಾಡಿ ಸರ್ಕಾರದ ಜನಸ್ಪಂದನದಲ್ಲಿ ದಾಖಲಿಸಬಹುದು, ಅಲ್ಲೂ ಒಂದು ನಂಬರ್ ಸಿಗುತ್ತದೆ. 30 ದಿನ ದಾಟಿದರೆ ಅದೇ ದೂರನ್ನು, ಅದೇ ಲಗತ್ತುಗಳ ಜೊತೆ, ಜಿಲ್ಲಾಧಿಕಾರಿಗಳಿಗೆ ಕಳಿಸಿ. ಅದಾದ ಮೇಲೆ ಬೆಂಗಳೂರಿನಲ್ಲಿರುವ ಧಾರ್ಮಿಕ ದತ್ತಿ ಆಯುಕ್ತರು. ಮೊದಲೇ ಆಯುಕ್ತರಿಗೆ ಬರೆದರೆ ಅದು ಇಳಿದು ಇಳಿದು ಕೊನೆಗೆ ನಿಮ್ಮ ತಾಲ್ಲೂಕಿಗೇ ಬರುತ್ತದೆ.

ಪರಿಶೀಲನೆಗೆ ಬಂದ ದಿನ ನೀವು ಅಲ್ಲಿರಲೇಬೇಕು. ನಮ್ಮಲ್ಲಿಗೆ ಕಂದಾಯ ನಿರೀಕ್ಷಕರು ಮತ್ತು ಗ್ರಾಮ ಆಡಳಿತ ಅಧಿಕಾರಿ ಬಂದರು. ನೋಡಿದರು, ಮಹಜರು ಬರೆದರು, ಸಹಿ ಹಾಕಿ ಅಂದರು. ಓದಿದರೆ 'ಛತ್ರವು ಹಳೆಯದಾಗಿದ್ದು ದುರಸ್ತಿಯ ಅವಶ್ಯಕತೆ ಇರುತ್ತದೆ' ಅಂತ ಒಂದೇ ಸಾಲು ಇತ್ತು. ಸುಳ್ಳಲ್ಲ, ಆದರೆ ಇದರ ಮೇಲೆ ಯಾರೂ ದುಡ್ಡು ಮಂಜೂರು ಮಾಡುವುದಿಲ್ಲ. ನಾವು ಜಗಳ ಆಡಲಿಲ್ಲ. 'ಸಾರ್, ಕುಸಿದ ಕೋಣೆ ಎಷ್ಟು, ತೊಲೆ ಎಷ್ಟು ಬಾಗಿದೆ, ಬೀಗ ಇರೋ ಕೋಣೆ ಯಾವುದು, ಇಷ್ಟು ಸೇರಿಸಿ' ಅಂದೆವು. ಅಲ್ಲೇ ಟೇಪ್ ಹಿಡಿದು ಅಳೆದು ಸೇರಿಸಿದರು. ಸಹಿ ಹಾಕಿ ಮಹಜರಿನ ಫೋಟೋ ತೆಗೆದುಕೊಂಡೆವು.

'ಅನುದಾನ ಲಭ್ಯವಿಲ್ಲ' ಅನ್ನುವ ಉತ್ತರ ಬಂದೇ ಬರುತ್ತದೆ, ಸಿ ವರ್ಗದಲ್ಲಿ ಅದು ಬಹಳ ಸಲ ನಿಜವೂ ಹೌದು. ಆಗ 'ಅನುದಾನ ಕೋರಿ ಪ್ರಸ್ತಾವನೆ ಕಳಿಸಲಾಗಿದೆಯೇ, ಕಳಿಸಿದ್ದರೆ ಪತ್ರದ ಸಂಖ್ಯೆ ಮತ್ತು ದಿನಾಂಕ ತಿಳಿಸಿ' ಅಂತ ಕೇಳಿ. ಕಳಿಸಿಲ್ಲದಿದ್ದರೆ ಈ ಪ್ರಶ್ನೆ ಬಂದ ಮೇಲೆ ಕಳಿಸುತ್ತಾರೆ. ಸುರಕ್ಷತೆಯ ತಡೆಗೆ ಮಾತ್ರ ಅನುದಾನ ಕಾಯಬೇಕಿಲ್ಲ, ಅದಕ್ಕೇ ದೂರಿನಲ್ಲಿ ಅದನ್ನು ಬೇರೆ ಮಾಡಿ ಮೊದಲಿಗೆ ಇಡೋದು. ಇಂಥ ದೂರಿನಿಂದ ಆಗದ ಕೆಲಸವೂ ಇದೆ. ಗಡಿ ಅಳತೆ ಆದ ಮೇಲೆ ಪಕ್ಕದವರು ಜಾಗ ತಮ್ಮದೇ ಅಂತ ಕೋರ್ಟಿಗೆ ಹೋದರೆ ನಿಮ್ಮ ಪತ್ರ ಅಲ್ಲಿಗೆ ನಿಲ್ಲುತ್ತದೆ, ಅಲ್ಲಿಂದ ಮುಂದೆ ಇಲಾಖೆಯ ವಕೀಲರು ನೋಡಬೇಕು.

ನಮ್ಮ ಛತ್ರದ ಬಾಗಿಲಿಗೆ ಈಗ ಬಿದಿರಿನ ತಡೆ ಬಿದ್ದಿದೆ, ಫಲಕ ಇದೆ. ಮೂಟೆಗಳು ಯಾವತ್ತೋ ರಾತ್ರಿ ಖಾಲಿಯಾದವು, ಯಾರದು ಅಂತ ಯಾರೂ ಕೇಳಲಿಲ್ಲ, ಕೋಣೆಗಳ ಬೀಗದ ಕೈ ಈಗ ದೇವಸ್ಥಾನದಲ್ಲಿದೆ. ಅರಳಿ ಗಿಡವನ್ನು ಕಡಿದರು, ಆದರೆ ಬೇರು ಗೋಡೆಯೊಳಗೇ ಉಳಿದಿದೆ, ಮಳೆ ಬಿದ್ದರೆ ಮತ್ತೆ ಚಿಗುರುತ್ತದೆ ಅಂತ ಗಾರೆ ಕೆಲಸದ ಅಣ್ಣ ಹೇಳಿದ್ದಾರೆ. ಹೊಸ ಅಂದಾಜು ಪಟ್ಟಿ ಜಿಲ್ಲಾ ಕಚೇರಿಗೆ ಹೋಗಿದೆ. ಬೇರಿನ ವಿಷಯ ಅದರಲ್ಲಿ ಸೇರಿದೆಯಾ ಅಂತ ಕೇಳಿ ಮುಂದಿನ ನೆನಪೋಲೆ ಬರೆದಿಟ್ಟಿದ್ದೇನೆ, ಸೋಮವಾರ ಟಪಾಲಿಗೆ ಕೊಡುತ್ತೇನೆ.